ಮತ್ತೆ ಮತ್ತೆ ಕಾಡುವ ಹುಳುಕಡ್ಡಿ

ಕರಾವಳಿಯ ಮಳೆಗಾಲದಲ್ಲಿ ಒಳಉಡುಪು ಪೂರ್ತಿ ಒಣಗುವುದೇ ಕಷ್ಟ. ತೊಡೆಸಂದಿಯಲ್ಲಿ ಉಂಗುರದಂಥ ಕೆಂಪು ಕಲೆ, ವಿಪರೀತ ತುರಿಕೆ. ಅಂಗಡಿಯಿಂದ ತಂದ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ, ಬಿಟ್ಟರೆ ಮತ್ತೆ ಶುರು. ಆ ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಾಸೋನ್ ಎಂದಿದೆಯೇ ನೋಡಿ. ಅವು ಸ್ಟೀರಾಯ್ಡ್‌ಗಳು. ಕೆಂಪನ್ನು ಅಡಗಿಸಿ, ಶಿಲೀಂಧ್ರವನ್ನು ಸದ್ದಿಲ್ಲದೆ ಹಬ್ಬಲು ಬಿಡುತ್ತವೆ.

ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮನ್ನು ಕಲೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಹಲವೆಡೆ ಹಬ್ಬಿದ್ದರೆ ಚರ್ಮವೈದ್ಯರು ಇಟ್ರಕೊನಜೋಲ್ ಕ್ಯಾಪ್ಸೂಲ್ ಬರೆಯಬಹುದು. ಅದನ್ನು ಊಟವಾದ ಕೂಡಲೇ ನುಂಗಬೇಕು. ಜೊತೆಗೆ ಗ್ಯಾಸ್ ಮಾತ್ರೆ ತೆಗೆದುಕೊಂಡರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೃದಯ, ಯಕೃತ್ತಿನ ತೊಂದರೆಯಿರುವವರು, ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಕಲೆಯಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.