ಈಗ ಶೂ, ಆಮೇಲೆ ಮೀಟಿಂಗ್

ಬೆಳಗ್ಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿದೆ, ಮಗುವಿನ ಒಂದು ಶೂ ಕಾಣುತ್ತಿಲ್ಲ, ಆಫೀಸಿನ ಫೋನು ಬೇರೆ. ಆಗ ‘ಸಮಾಧಾನವಾಗಿರು’ ಎಂದುಕೊಂಡರೆ ಅದು ತಲೆಯ ಮೇಲೆ ಇನ್ನೊಂದು ಅಪ್ಪಣೆ, ಅಷ್ಟೆ. ‘ಎಲ್ಲ ಸರಿಹೋಗುತ್ತೆ’ ಎಂಬುದನ್ನು ಮನಸ್ಸು ನಂಬುವುದಿಲ್ಲ. ಕೆಲಸಕ್ಕೆ ಬರುವುದು ಚಿಕ್ಕದಾದ, ನಿಜವಾದ ಮಾತು: ‘ವ್ಯಾನು ಹೋದರೆ ಆಟೋ ಇದೆ.’ ಇಲ್ಲವೇ, ‘ಈಗ ಶೂ, ಆಮೇಲೆ ಮೀಟಿಂಗ್.’

ಹತ್ತು ಪದದೊಳಗಿದ್ದರೆ ಒಂದೇ ಉಸಿರಿಗೆ ಮುಗಿಯುತ್ತದೆ. ಮೂಗಿನಿಂದ ಉಸಿರೆಳೆದು, ನಿಧಾನವಾಗಿ ಬಿಡುತ್ತಾ ಹೇಳಿಕೊಳ್ಳಿ. ಉಸಿರು ಬಿಡುವಾಗ ಎದೆಬಡಿತ ತುಸು ತಗ್ಗುತ್ತದೆ. ಬಿಗಿದ ಹೆಗಲು ಸಡಿಲಾದರೆ ಮಾತು ನಾಟಿತೆಂದು ಲೆಕ್ಕ. ಗಟ್ಟಿಯಾಗಿ ಹೇಳಿದರೆ ಮಕ್ಕಳೂ ಕಲಿಯುತ್ತಾರೆ (ನಮಗೇ ತಿರುಗಿಸಿ ಹೇಳುವುದೂ ಉಂಟು!).

ದಿನವೂ ಶೂ ಹುಡುಕುವ ಪಾಡು ಒಬ್ಬರದೇ ಆಗಿದ್ದರೆ ಮಾತ್ರ ಯಾವ ಮಾತೂ ಸಾಲದು. ರಾತ್ರಿಯೇ ಜೋಡಿಸಿಡುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ.