ದೂರವಾಣಿ ನುಡಿವ ಸಾಕ್ಷಿ

ಸಾಲ ಕೊಡುವವನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಕೊಟ್ಟ ಹಣ ಹಿಂದಿರುಗುವುದೇ? ಹಳ್ಳಿಯ ಸಾಹುಕಾರನಿಗೆ ಈ ಪ್ರಶ್ನೆ ಅಷ್ಟಾಗಿ ಕಾಡದು. ಕೇಳಲು ಬಂದವನ ಮನೆತನ, ಹೊಲಗದ್ದೆ, ಮಾತಿನ ನಿಲುವು ಎಲ್ಲವನ್ನೂ ಅವನು ಕಂಡು ಬಲ್ಲನು. ಬ್ಯಾಂಕಿಗಾದರೋ ಈ ಪರಿಚಯವಿಲ್ಲ. ಅದು ಸಂಬಳದ ಚೀಟಿಯನ್ನು ಕೇಳುತ್ತದೆ, ಆಸ್ತಿಯ ಪತ್ರವನ್ನು ಕೇಳುತ್ತದೆ, ಹಿಂದೆ ತೀರಿಸಿದ ಸಾಲಗಳ ದಾಖಲೆಯನ್ನು ಕೇಳುತ್ತದೆ. ಸಂತೆಯಲ್ಲಿ ತರಕಾರಿ ಮಾರಿ ಬದುಕುವವರ ಬಳಿ ಇವಾವುವೂ ಇರುವುದಿಲ್ಲ. ದಾಖಲೆಯಿಲ್ಲದ ಕಾರಣ ಅವರಿಗೆ ಸಾಲ ದೊರೆಯದು. ಸಾಲ ದೊರೆಯದ ಕಾರಣ ದಾಖಲೆಯೂ ಬೆಳೆಯದು.

ಈ ಬಿಗಿಯಾದ ಸುತ್ತನ್ನು ಬಿಡಿಸಲು ಆಫ್ರಿಕಾ ಖಂಡದ ಕೆನ್ಯಾ ದೇಶದಲ್ಲಿ ಒಂದು ಹೊಸ ಮಾರ್ಗ ತೆರೆಯಿತು. ಅಲ್ಲಿ 2007ರಲ್ಲಿ ಸಫಾರಿಕಾಮ್ ಎಂಬ ದೂರವಾಣಿ ಸಂಸ್ಥೆಯು ಎಂ-ಪೆಸಾ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತದವರೂ ಸಾಧಾರಣ ಮೊಬೈಲಿನ ಮೂಲಕವೇ ಹಣ ಕಳುಹಿಸಲು, ಪಡೆಯಲು ಅದು ಅನುವು ಮಾಡಿಕೊಟ್ಟಿತು. 2012ರ ನವೆಂಬರ್ ತಿಂಗಳಿನಲ್ಲಿ ಇದೇ ಸಂಸ್ಥೆಯು ಕಮರ್ಷಿಯಲ್ ಬ್ಯಾಂಕ್ ಆಫ್ ಆಫ್ರಿಕಾದೊಡನೆ ಸೇರಿ ಎಂ-ಶ್ವಾರಿ ಎಂಬ ಉಳಿತಾಯ ಮತ್ತು ಸಾಲದ ಯೋಜನೆಯನ್ನು ಹೊರತಂದಿತು. ಆರು ತಿಂಗಳ ಕಾಲ ಎಂ-ಪೆಸಾ ಬಳಸಿದವರು ಇದಕ್ಕೆ ಅರ್ಹರಾಗಿದ್ದರು. ಸಾಲದ ಅವಧಿ 30 ದಿನ. ಶುಲ್ಕ ಸಾಲದ ಮೊತ್ತದ ಶೇಕಡ 7.5. ಅಂದರೆ 1,000 ಶಿಲ್ಲಿಂಗ್ ಪಡೆದವರು ತಿಂಗಳೊಳಗೆ 1,075 ಶಿಲ್ಲಿಂಗ್ ಹಿಂದಿರುಗಿಸಬೇಕಾಗಿತ್ತು. ಮೊದಲ ಸಲ ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಅವರು ದೂರವಾಣಿಯನ್ನೂ ಎಂ-ಪೆಸಾವನ್ನೂ ಬಳಸಿದ ರೀತಿಯೇ ನಿರ್ಧರಿಸುತ್ತಿತ್ತು. ಮುಂದೆ ಅವರು ಸಾಲ ತೀರಿಸಿದ ಬಗೆಯೂ ಲೆಕ್ಕಕ್ಕೆ ಸೇರುತ್ತಿತ್ತು.

ದೂರವಾಣಿಯ ಬಳಕೆಗೂ ಸಾಲ ತೀರಿಸುವ ಗುಣಕ್ಕೂ ಏನು ಸಂಬಂಧ? ಮೊಬೈಲಿಗೆ ಆಗಾಗ್ಗೆ ಹಣ ತುಂಬಿಸುವುದು, ಹಣ ಮುಗಿಯುವ ಮುನ್ನವೇ ಮತ್ತೆ ತುಂಬಿಸುವುದು, ನಿಯತಕಾಲದಲ್ಲಿ ಕರೆ ಮಾಡುವುದು, ಪ್ರತಿವಾರವೂ ಹಣ ಬರುವುದು, ಇವೆಲ್ಲ ಆದಾಯದ ಸ್ಥಿರತೆಯನ್ನೂ ಮುಂದಾಲೋಚನೆಯನ್ನೂ ಸೂಚಿಸಬಲ್ಲವು. ಅಂಕ ಕಟ್ಟುವವರು ಮೊದಲು ಈಗಾಗಲೇ ಸಾಲ ಪಡೆದ ಸಾವಿರಾರು ಜನರ ಬಳಕೆಯ ದಾಖಲೆಯನ್ನು ತೆಗೆದುಕೊಳ್ಳುತ್ತಾರೆ. ಅವರಲ್ಲಿ ತೀರಿಸಿದವರಾರು, ತಪ್ಪಿದವರಾರು ಎಂಬುದು ತಿಳಿದಿರುತ್ತದೆ. ತೀರಿಸಿದವರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣಗಳಿಗೆ ಹೆಚ್ಚು ತೂಕವನ್ನು ಕೊಟ್ಟು ಗಣಕಯಂತ್ರವು ಒಂದು ಸೂತ್ರವನ್ನು ಕಟ್ಟುತ್ತದೆ. ಹೊಸ ಅರ್ಜಿದಾರನ ದಾಖಲೆಯನ್ನು ಆ ಸೂತ್ರಕ್ಕೆ ಹಾಕಿದಾಗ ಒಂದು ಅಂಕ ಹೊರಬರುತ್ತದೆ. ಗೊತ್ತುಮಾಡಿದ ಗಡಿಯನ್ನು ದಾಟಿದವರಿಗೆ ಸಾಲ, ಉಳಿದವರಿಗೆ ಇಲ್ಲ.

ಈ ವಿಧಾನಕ್ಕೆ ಆಧಾರವಿಲ್ಲದಿಲ್ಲ. ಡೇನಿಯಲ್ ಬಿಯೋರ್ಕೆಗ್ರೆನ್ ಮತ್ತು ಡ್ಯಾರೆಲ್ ಗ್ರಿಸೆನ್ ಎಂಬ ಸಂಶೋಧಕರು ದಕ್ಷಿಣ ಅಮೆರಿಕದ ದೇಶವೊಂದರ ದೂರವಾಣಿ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಜನರನ್ನು ಅಪಾಯದ ಅಂಕಕ್ಕನುಸಾರವಾಗಿ ಐದು ಸಮಭಾಗ ಮಾಡಿದಾಗ, ಅತಿ ಹೆಚ್ಚು ಅಪಾಯದ ಭಾಗದವರು ಅತಿ ಕಡಿಮೆ ಅಪಾಯದವರಿಗಿಂತ 2.8 ಪಟ್ಟು ಹೆಚ್ಚಾಗಿ ಬಾಕಿ ಉಳಿಸಿಕೊಂಡಿದ್ದರು. ದೂರವಾಣಿ ನುಡಿವ ಸಾಕ್ಷಿ ಪೂರ್ಣವಾಗಿ ಸುಳ್ಳಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ಆ ಸಾಕ್ಷಿ ಎಲ್ಲರ ವಿಷಯದಲ್ಲಿಯೂ ಒಂದೇ ಸಮನಾಗಿ ನಿಜ ನುಡಿಯುವುದೇ ಎಂಬುದು ಬೇರೆಯೇ ಪ್ರಶ್ನೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಕಿಸುಮು ನಗರದ ಸಂತೆಯಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಅಕ್ಕಪಕ್ಕದಲ್ಲಿ ಕುಳಿತು ಮೀನು ಮಾರುತ್ತಾರೆ. ಇಬ್ಬರ ಸಂಪಾದನೆಯೂ ಒಂದೇ. ಇಬ್ಬರೂ ಸಾಲ ತೀರಿಸುವ ಪ್ರಾಮಾಣಿಕರೇ. ಗಂಡಸಿಗೆ ಸ್ವಂತ ಮೊಬೈಲು ಇದೆ. ಹೆಂಗಸು ಗಂಡನ ಮೊಬೈಲನ್ನು ಹಂಚಿಕೊಳ್ಳುತ್ತಾಳೆ, ಇಲ್ಲವೆ ತನ್ನದರಲ್ಲಿ ಅಷ್ಟಷ್ಟು ಹಣ ತುಂಬಿಸಿ ಬರುವ ಕರೆಗಳನ್ನಷ್ಟೇ ಸ್ವೀಕರಿಸುತ್ತಾಳೆ. ಅವಳ ವ್ಯಾಪಾರ ಕೈಯಿಂದ ಕೈಗೆ ನಡೆಯುವ ನಗದಿನದು. ಆದುದರಿಂದ ಅವಳ ಅಂಕ ಕೆಳಗಿಳಿಯುತ್ತದೆ. ಯಂತ್ರವು ಅಳೆದದ್ದು ಅವಳ ಪ್ರಾಮಾಣಿಕತೆಯನ್ನಲ್ಲ, ಅವಳ ಕೈಗೆ ಮೊಬೈಲು ಸಿಕ್ಕ ಮಟ್ಟವನ್ನು.

ಹಾಗಾದರೆ ಸೂತ್ರದಿಂದ ಗಂಡು ಹೆಣ್ಣೆಂಬ ವಿವರವನ್ನೇ ತೆಗೆದುಹಾಕಿದರೆ ಸಾಲದೇ? ಸಾಲದು. ಮೀನುಗಾರ್ತಿಯ ಅಂಕ ಇಳಿಯಲು ಅವಳು ಹೆಂಗಸೆಂದು ಯಾರೂ ಬರೆದಿರಬೇಕಾಗಿಲ್ಲ. ತುಂಬಿಸಿದ ಹಣದ ಪ್ರಮಾಣ ಮತ್ತು ಕರೆಗಳ ಸಂಖ್ಯೆಯೇ ಆ ಸಂಗತಿಯನ್ನು ಒಳಗೆ ತರುತ್ತವೆ. ಬಾಗಿಲು ಮುಚ್ಚಿದರೂ ಕಿಟಕಿಯಿಂದ ಬರುವ ಗಾಳಿಯಂತೆ ಭೇದಭಾವ ಮರಳಿ ನುಸುಳುತ್ತದೆ. ವಿಚಿತ್ರವೆಂದರೆ, ಈ ತಪ್ಪನ್ನು ಕಂಡುಹಿಡಿಯಲು ಆ ವಿವರವೇ ಬೇಕು.

ಪರೀಕ್ಷಿಸುವ ಬಗೆ ಹೀಗೆ. 100 ಗಂಡಸರು, 100 ಹೆಂಗಸರು ಅರ್ಜಿ ಹಾಕಿದರೆಂದೂ, ಎರಡು ಗುಂಪುಗಳಲ್ಲಿಯೂ ಸಾಲ ತೀರಿಸಬಲ್ಲವರು 80 ಮಂದಿಯೆಂದೂ ಇಟ್ಟುಕೊಳ್ಳಬಹುದು. ಆ 80 ಗಂಡಸರಲ್ಲಿ 70 ಮಂದಿಗೆ ಸಾಲ ದೊರೆತು, 80 ಹೆಂಗಸರಲ್ಲಿ ಕೇವಲ 48 ಮಂದಿಗೆ ದೊರೆತರೆ, ಅನ್ಯಾಯವಾಗಿ ತಿರಸ್ಕೃತರಾದ ಗಂಡಸರು 10, ಹೆಂಗಸರು 32. ಒಟ್ಟು ಸಾಲ ವಸೂಲಿ ಎಷ್ಟೇ ಚೆನ್ನಾಗಿದ್ದರೂ ಈ ಅಂತರವು ಅದರಲ್ಲಿ ಕಾಣಿಸದು. ಗುಂಪುಗಳನ್ನು ಬೇರೆಬೇರೆಯಾಗಿ ಎಣಿಸಿದಾಗಲೇ ಅದು ಬೆಳಕಿಗೆ ಬರುತ್ತದೆ.

ಆದರೆ ಈ ಎಣಿಕೆಗೂ ಒಂದು ದೊಡ್ಡ ತೊಡಕಿದೆ. ತಿರಸ್ಕೃತರಾದವರು ಸಾಲ ತೀರಿಸುತ್ತಿದ್ದರೇ ಎಂಬುದು ಯಾರಿಗೂ ತಿಳಿಯದು, ಏಕೆಂದರೆ ಅವರಿಗೆ ಸಾಲವನ್ನೇ ಕೊಟ್ಟಿಲ್ಲ. ಯಂತ್ರವು ತಾನು ಆರಿಸಿದವರಿಂದ ಮಾತ್ರ ಕಲಿಯುತ್ತದೆ. ತನ್ನ ತಪ್ಪನ್ನು ತಾನೆಂದೂ ಕಾಣದು. ಇದಕ್ಕೆ ಒಂದು ಪರಿಹಾರವುಂಟು. ಗಡಿಯ ಕೆಳಗಿರುವವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಅವರಿಗೆ ಸಣ್ಣ ಮೊತ್ತದ ಸಾಲ ಕೊಟ್ಟು ನೋಡಬೇಕು. ಸ್ವಲ್ಪ ಹಣ ನಷ್ಟವಾಗಬಹುದು; ಆದರೆ ಸತ್ಯವನ್ನು ತಿಳಿಯಲು ತೆರಬೇಕಾದ ಬೆಲೆ ಅದು.

ತಪ್ಪು ಸಾಲ ದೊರೆಯದಿರುವುದರಲ್ಲಿ ಮಾತ್ರವಲ್ಲ, ಸುಲಭವಾಗಿ ದೊರೆಯುವುದರಲ್ಲಿಯೂ ಇದೆ. ಕೆನ್ಯಾದಲ್ಲಿ ಅತ್ಯಲ್ಪ ಮೊತ್ತದ ಬಾಕಿಯೂ ಸಾಲದಾಖಲೆಯ ಸಂಸ್ಥೆಗಳ ಪಟ್ಟಿ ಸೇರುತ್ತಿತ್ತು. ಹೊಸ ದಾಖಲೆ ಪಡೆಯಲು ಹೋದ ಬಡವನಿಗೆ ಕೆಟ್ಟ ದಾಖಲೆಯೇ ಅಂಟಿಕೊಳ್ಳುತ್ತಿತ್ತು. 2020ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು 1,000 ಶಿಲ್ಲಿಂಗಿಗಿಂತ ಕಡಿಮೆಯ ಬಾಕಿಯನ್ನು ಹಾಗೆ ವರದಿ ಮಾಡದಂತೆ ತಡೆಯಿತು. ಭಾರತದಲ್ಲಿ ರಿಸರ್ವ್ ಬ್ಯಾಂಕು 2022ರಲ್ಲಿ, ಸಾಲ ನೀಡುವ ಮೊಬೈಲ್ ತಂತ್ರಾಂಶಗಳು ಸಾಲಗಾರನ ಸಂಪರ್ಕ ಪಟ್ಟಿಯನ್ನೂ ಕರೆಗಳ ದಾಖಲೆಯನ್ನೂ ತೆರೆದು ನೋಡಬಾರದೆಂದು ವಿಧಿಸಿತು.

ಸಾಹುಕಾರನು ಸಾಲ ಕೊಡಲಾರೆನೆಂದಾಗ ಬಡವನು ಅವನ ಮುಂದೆ ನಿಂತು ಏಕೆಂದು ಕೇಳಬಹುದಾಗಿತ್ತು. ಮೀನು ಮಾರುವ ಹೆಂಗಸಿನ ಮೊಬೈಲಿಗೆ ಬರುವುದು ಒಂದು ಸಾಲಿನ ಉತ್ತರ ಮಾತ್ರ. ಅದರ ಕಾರಣವನ್ನು ಅವಳಿಗೆ ತಿಳಿಸುವ, ತಪ್ಪಿದ್ದರೆ ತಿದ್ದುವ ಏರ್ಪಾಡು ಇಲ್ಲದಿದ್ದರೆ, ದೂರವಾಣಿ ನುಡಿವ ಸಾಕ್ಷಿಗೆ ಪಾಟೀಸವಾಲು ಹಾಕುವವರೇ ಇರುವುದಿಲ್ಲ.