ಟೆನಿಸ್ ಬಾಲ್ ಪಂದ್ಯಾವಳಿಯ ಪ್ರಕಟಣೆ

ಊರಿನ ಟೆನಿಸ್ ಬಾಲ್ ಪಂದ್ಯಾವಳಿಗೆ ತಂಡಗಳನ್ನು ಕರೆಯುವ ಪ್ರಕಟಣೆಯಲ್ಲಿ ಬಹುಮಾನದ ಮೊತ್ತವೇ ದಪ್ಪಕ್ಷರದಲ್ಲಿ ಇರುತ್ತದೆ. ಆದರೆ ಪಂದ್ಯಾವಳಿ ಸುಸೂತ್ರವಾಗಿ ನಡೆಯುವುದು ಪ್ರವೇಶ ಶುಲ್ಕ ಮತ್ತು ಕೊನೆಯ ದಿನಾಂಕದ ಸಾಲುಗಳಿಂದ.

ಆರು ಓವರುಗಳ ನಾಕೌಟ್ ಪಂದ್ಯಾವಳಿಯೊಂದಕ್ಕೆ 16 ತಂಡಗಳು, ತಲಾ 2,000 ರೂಪಾಯಿ ಶುಲ್ಕ ಎಂದುಕೊಂಡರೆ ಕೂಡುವುದು 32,000 ರೂಪಾಯಿ. ನಾಕೌಟ್‌ನಲ್ಲಿ ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಬೀಳುವುದರಿಂದ ಒಟ್ಟು 15 ಪಂದ್ಯಗಳಾಗುತ್ತವೆ. ಒಂದಕ್ಕೆ ಸುಮಾರು ಒಂದು ಗಂಟೆ ಹಿಡಿದರೂ ಹಗಲಿನಲ್ಲೇ ಮುಗಿಸಲು ಎರಡು ದಿನ ಬೇಕು. ಚೆಂಡು, ಅಂಪೈರ್, ಶಾಮಿಯಾನ, ಮೈಕಿನ ಖರ್ಚು ಕಳೆದು ಉಳಿದದ್ದರಲ್ಲೇ ಬಹುಮಾನ ಕೊಡಬೇಕು, ಇಲ್ಲವೇ ದಾನಿಗಳನ್ನು ಹುಡುಕಬೇಕು.

ಕೊನೆಯ ದಿನಾಂಕದ ನಂತರವೇ ಚೀಟಿ ಎತ್ತಿ ಎದುರಾಳಿಗಳನ್ನು ನಿರ್ಧರಿಸುತ್ತಾರೆ. ಶುಲ್ಕ ಕಟ್ಟಿದವು 13 ತಂಡಗಳು ಮಾತ್ರವಾದರೆ ಮೂರು ತಂಡಗಳು ಆಡದೆಯೇ ಎರಡನೇ ಸುತ್ತಿಗೆ ಹೋಗುತ್ತವೆ. ಉಳಿದ ಹತ್ತು ತಂಡಗಳು ಐದು ಪಂದ್ಯ ಆಡುತ್ತವೆ. ಆಮೇಲೆ ಬಂದ ತಂಡವನ್ನು ಸೇರಿಸಿದರೆ ಇಡೀ ಪಟ್ಟಿಯೇ ಬದಲಾಗುತ್ತದೆ. ಹಾಗಾಗಿ ಬಾಯಿಮಾತಿನ ಒಪ್ಪಿಗೆ ಸಾಲದು, ಹಣ ಕಟ್ಟಿದರಷ್ಟೇ ಹೆಸರು ನೋಂದಣಿ ಎಂಬ ಷರತ್ತು ನ್ಯಾಯವಾದದ್ದು.

ನಿಯಮಗಳಲ್ಲಿ ಹೆಚ್ಚು ಜಗಳ ಹುಟ್ಟಿಸುವುದು ಹೊರಗಿನಿಂದ ಕರೆತಂದ ಆಟಗಾರರ ವಿಷಯ. ಒಬ್ಬ ಒಂದೇ ತಂಡಕ್ಕೆ ಆಡಬೇಕು, ಹೊರಊರಿನವರು ಎಷ್ಟು ಮಂದಿ ಇರಬಹುದು, ಗುರುತಿನ ಚೀಟಿ ಬೇಕೇ ಎಂಬುದನ್ನು ಮೊದಲೇ ಬರೆದಿರಬೇಕು. ಟೈ ಆದರೆ ಸೂಪರ್ ಓವರ್ ಇದೆಯೇ, ಮಳೆ ಬಂದರೆ ಶುಲ್ಕ ಮರಳುತ್ತದೆಯೇ ಎಂಬುದೂ ಅಲ್ಲೇ ಇರಬೇಕು.